ಪೆಟ್ಟಿ ಕ್ಯಾಶ್ ಮತ್ತು ಖರ್ಚು ಮರುಪಾವತಿ ನಿಯಮಗಳು: ಹುಬ್ಬಳ್ಳಿ ಕಚೇರಿ

ಜಾರಿ: 1 ಏಪ್ರಿಲ್ 2025. ಕಾಯಂ, ಗುತ್ತಿಗೆ, ತರಬೇತಿಯ ಎಲ್ಲ ಸಿಬ್ಬಂದಿಗೂ ಅನ್ವಯ.

ಪೆಟ್ಟಿ ಕ್ಯಾಶ್ ಮೊತ್ತ ₹10,000. ಇದು ಲೆಕ್ಕಪತ್ರ ಸಹಾಯಕರ ವಶದಲ್ಲಿರುತ್ತದೆ. ಪೆಟ್ಟಿಗೆಯ ಬೀಗದ ಕೈ ಅವರ ಬಳಿ, ಇನ್ನೊಂದು ನಿರ್ದೇಶಕರ ಬಳಿ. ಯಾವ ಗಳಿಗೆಯಲ್ಲಿ ಎಣಿಸಿದರೂ ಪೆಟ್ಟಿಗೆಯ ನಗದು ಮತ್ತು ವೋಚರ್‌ಗಳ ಮೊತ್ತ ಕೂಡಿ ₹10,000 ಆಗಲೇಬೇಕು. ನಗದು ₹2,500ಕ್ಕೆ ಇಳಿದಾಗ, ಖರ್ಚಾದಷ್ಟೇ ಮೊತ್ತವನ್ನು ಬ್ಯಾಂಕಿನಿಂದ ತುಂಬಲಾಗುವುದು. ಗ್ರಾಹಕರು ಕೊಟ್ಟ ನಗದನ್ನು ಇದರೊಳಗೆ ಹಾಕಬಾರದು, ಒಂದು ದಿನದ ಮಟ್ಟಿಗೂ.

ಕೊರಿಯರ್, ಜೆರಾಕ್ಸ್, ಆಟೊ, ಕುಡಿಯುವ ನೀರಿನ ಕ್ಯಾನು, ಚಹಾ, ಸಣ್ಣಪುಟ್ಟ ರಿಪೇರಿಗೆ ಒಂದು ಸಲಕ್ಕೆ ₹1,000ದವರೆಗೆ ಇಲ್ಲಿಂದ ಕೊಡಬಹುದು. ಅದಕ್ಕಿಂತ ಹೆಚ್ಚಿನದು ಬ್ಯಾಂಕ್ ಮೂಲಕವೇ. ಬಿಲ್ಲನ್ನು ತುಂಡು ಮಾಡಿ ಎರಡು ವೋಚರ್ ಬರೆಯುವ ಜಾಣತನ ಬೇಡ. ಸಂಬಳದ ಮುಂಗಡ, ಕೈಸಾಲ ಇಲ್ಲ. ಸರ್ಕಾರಿ ಕಚೇರಿಯಲ್ಲಿ ಯಾರಿಗೋ ಕೊಟ್ಟ ‘ಚಹಾ ಖರ್ಚು’ ಯಾವ ಹೆಸರಿನಲ್ಲೂ ಮಂಜೂರಾಗದು.

ವೋಚರ್ ಹೀಗಿರಬೇಕು: “ನಂ. 47. ಗೋಕುಲ ರಸ್ತೆಯ ಸೈಟಿಗೆ ನಕ್ಷೆ ತಲುಪಿಸಲು ಆಟೊ, ಹೋಗಿ ಬರಲು ₹240. ಬಿಲ್ ಇಲ್ಲ.” ಕೆಳಗೆ ದಿನಾಂಕ, ಹಣ ಪಡೆದವರ ಸಹಿ, ಮಂಜೂರು ಮಾಡಿದವರ ಸಹಿ. “ಸಾರಿಗೆ ₹240” ಎಂದಷ್ಟೇ ಬರೆದರೆ ವಾಪಸ್. ತನ್ನ ಖರ್ಚನ್ನು ತಾನೇ ಮಂಜೂರು ಮಾಡುವಂತಿಲ್ಲ. ನಿರ್ದೇಶಕರ ಖರ್ಚಿಗೆ ಇನ್ನೊಬ್ಬ ನಿರ್ದೇಶಕರ ಸಹಿ ಬೇಕು. ತಪ್ಪಾದ ವೋಚರ್ ಹರಿಯಬೇಡಿ; ‘ರದ್ದು’ ಎಂದು ಬರೆದು ಪುಸ್ತಕದಲ್ಲೇ ಬಿಡಿ. ಆಡಿಟರ್ ಮೊದಲು ನೋಡುವುದೇ ನಂಬರು ಎಲ್ಲಿ ತಪ್ಪಿದೆ ಎಂದು.

ಸ್ವಂತ ಹಣದಿಂದ ಖರ್ಚು ಮಾಡಿದವರು 7 ದಿನದೊಳಗೆ ಅರ್ಜಿ ಕೊಡಬೇಕು. ಪ್ರತಿ ಶುಕ್ರವಾರ ಹಣ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಯುಪಿಐ ಸ್ಕ್ರೀನ್‌ಶಾಟ್ ಹಣ ಹೋದದ್ದಕ್ಕೆ ಸಾಕ್ಷಿ, ಏನು ಕೊಂಡಿರಿ ಎಂಬುದಕ್ಕಲ್ಲ. ಬಿಲ್ ಬೇಕೇ ಬೇಕು. ಸಾಮಾನು ಕೊಳ್ಳುವಾಗ ಕಂಪನಿಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಬರೆಸಿ, ಇಲ್ಲದಿದ್ದರೆ ಇನ್‌ಪುಟ್ ಕ್ರೆಡಿಟ್ ಕೈತಪ್ಪುತ್ತದೆ. ₹200ರೊಳಗಿನ ಖರ್ಚಿಗೆ, ಜೊತೆಗೆ ಆಟೊಗೆ ಮಾತ್ರ, ಬಿಲ್ ಇಲ್ಲದೆಯೂ ವೋಚರ್ ನಡೆಯುತ್ತದೆ.

ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟರೆ ಆ ಖರ್ಚು ತೆರಿಗೆ ಲೆಕ್ಕದಲ್ಲಿ ಸಲ್ಲುವುದಿಲ್ಲ. ನಗದು ರಸೀದಿ ₹5,000 ಮೀರಿದರೆ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಅಂಟಿಸಿ ಸಹಿ ಪಡೆಯಿರಿ.

ಥರ್ಮಲ್ ಕಾಗದದ ಬಿಲ್ಲು ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿ ಮೂಲದ ಜೊತೆ ಪಿನ್ ಹಾಕಿ, ಸ್ಕ್ಯಾನ್ ಪ್ರತಿಗೆ ವೋಚರ್ ಸಂಖ್ಯೆಯನ್ನೇ ಹೆಸರಾಗಿ ಕೊಡಿ. ಹಣ ಕೊಟ್ಟ ಬಿಲ್ಲಿನ ಮೇಲೆ ‘ಪಾವತಿಯಾಗಿದೆ’ ಮುದ್ರೆ ಬೀಳಬೇಕು, ಅದೇ ಬಿಲ್ಲು ಮತ್ತೆ ಬರದಂತೆ. ಟ್ಯಾಲಿಯಲ್ಲಿ ಅಂದೇ ನಮೂದು. ದಾಖಲೆಗಳನ್ನು 8 ವರ್ಷ ಇಡಲಾಗುವುದು.

ತಿಂಗಳಿಗೊಮ್ಮೆ, ಮುಂಚಿತವಾಗಿ ತಿಳಿಸದೆ, ನಿರ್ದೇಶಕರೊಬ್ಬರು ಪೆಟ್ಟಿಗೆ ಎಣಿಸಿ ಯಾವ ನೋಟು ಎಷ್ಟು ಎಂದು ಬರೆದು ಸಹಿ ಮಾಡುವರು. ಕಡಿಮೆ ಬಿದ್ದರೂ ಹೆಚ್ಚಿದ್ದರೂ ಅಂದೇ ಪುಸ್ತಕದಲ್ಲಿ ಕಾಣಿಸಬೇಕು. ಕಡಿಮೆ ಬಿದ್ದದ್ದನ್ನು ಜೇಬಿನಿಂದ ತುಂಬಿ ಸರಿಮಾಡುವುದೂ ನಿಯಮ ಮುರಿದಂತೆಯೇ.

— ನಿರ್ದೇಶಕರು