ಸಾರ್, ಲ್ಯಾಬ್ ರವಿ. ಒಂದು ರೆಫರೆನ್ಸ್ ಬೇಕಿತ್ತು

ನಮಸ್ಕಾರ ಸಾರ್, ನಾನು ರವಿ. ಇಬ್ರು ರವಿ ಇದ್ವಲ್ಲ, ಬಾಯ್ಲರ್ ರವಿ ಅಲ್ಲ, ಲ್ಯಾಬಲ್ಲಿ ಬಿ ಶಿಫ್ಟು ನೋಡ್ಕೋತಿದ್ದೋನು, ಹೊಳೆನರಸೀಪುರದ ಕಡೆಯೋನು. ನಂಬರ್ ಬದಲಾಗಿದೆ, ಅದಕ್ಕೆ ಯಾರಪ್ಪ ಇದು ಅನ್ಕೋಬೇಡಿ. ನೀವು ರಿಟೈರ್ ಆದ್ಮೇಲೆ ಮೈಸೂರಿಗೆ ಮಗಳ ಮನೆಗೆ ಹೋಗಿದೀರ ಅಂತ ಕ್ಯಾಂಟೀನ್ ಅಣ್ಣ ಹೇಳಿದ್ರು, ನಂಬರೂ ಅವ್ರೇ ಕೊಟ್ಟಿದ್ದು. ಮೇಡಂ ಮಂಡಿನೋವು ಈಗ ಹೇಗಿದೆ ಸಾರ್? ಇಷ್ಟು ದಿನ ಒಂದು ಫೋನೂ ಮಾಡ್ದೆ ಈಗ ಕೆಲಸ ಬಿತ್ತು ಅಂತ ಮೆಸೇಜ್ ಹಾಕ್ತಿದಾನೆ ಅಂತ ನೀವು ಬೈದ್ರೂ ಸರಿಯೇ, ತಪ್ಪು ನಂದೇ.

ವಿಷ್ಯಕ್ಕೆ ಬರ್ತೀನಿ. ಬಿಡದಿ ಹತ್ರ ಒಂದು ಐಸ್‌ಕ್ರೀಂ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಎಕ್ಸಿಕ್ಯುಟಿವ್ ಕೆಲಸಕ್ಕೆ ಎರಡು ರೌಂಡ್ ಇಂಟರ್‌ವ್ಯೂ ಮುಗಿದಿದೆ, ಆಗೋ ಹಾಗಿದೆ. ಈಗ ಅವರಿಗೆ ಹಳೇ ಮ್ಯಾನೇಜರ್ ಒಬ್ರ ರೆಫರೆನ್ಸ್ ಬೇಕಂತೆ. ನಿಮ್ಮ ಹೆಸರು ಕೊಡಬಹುದಾ ಸಾರ್? ಇನ್ನೂ ಕೊಟ್ಟಿಲ್ಲ, ನಿಮ್ಮನ್ನ ಕೇಳ್ದೆ ಕೊಡೋದು ಸರಿಯಲ್ಲ ಅಂತ. ನೀವು ಹೂಂ ಅಂದ್ರೆ ಅವರ ಎಚ್‌ಆರ್ ಮೇಡಂ ಒಂದು ಫಾರಂ ಈಮೇಲ್ ಮಾಡ್ತಾರೆ, ಆಮೇಲೆ ಹತ್ತು ಹದಿನೈದು ನಿಮಿಷ ಫೋನಲ್ಲಿ ಮಾತಾಡ್ತಾರೆ, ಅಷ್ಟೇ. ಬರೋ ಶುಕ್ರವಾರದೊಳಗೆ ಆಗ್ಬೇಕು ಅಂದಿದಾರೆ. ನೀವು ರಿಟೈರ್ ಆಗಿರೋದು ಹೇಳಿದೀನಿ, ಆಫೀಸ್ ಈಮೇಲೇ ಬೇಕು ಅಂತೇನಿಲ್ಲವಂತೆ, ನನ್ನ ಎಕ್ಸ್‌ಪೀರಿಯೆನ್ಸ್ ಲೆಟರಲ್ಲಿ ನಿಮ್ಮ ಸೈನ್ ಇದೆಯಲ್ಲ, ಅದ್ರಿಂದ ನಿಮ್ಮ ಸ್ವಂತ ಜಿಮೇಲ್ ಸಾಕಂತೆ.

ನಿಮಗೇ ಯಾಕೆ ತೊಂದ್ರೆ ಕೊಡ್ತಿದೀನಿ ಅಂದ್ರೆ, ನಾನು ನಮ್ಮ ಡೇರಿಯಲ್ಲಿ ನಾಲ್ಕೂವರೆ ವರ್ಷ ಇದ್ದೆ ಅನ್ನೋದಕ್ಕೆ ಆ ಲೆಟರ್ ಬಿಟ್ರೆ ಪೇಪರಲ್ಲಿ ಬೇರೆ ಗಟ್ಟಿ ಸಾಕ್ಷಿನೇ ಇಲ್ಲ ಸಾರ್. ನಿಮಗೆ ಗೊತ್ತಲ್ಲ, ನಾವೆಲ್ಲ ಲೇಬರ್ ಕಂಟ್ರಾಕ್ಟರ್ ಮೂಲಕ ಬಂದೋರು. ಸಂಬಳ ಕೊಟ್ಟಿದ್ದು ಕಂಟ್ರಾಕ್ಟರು, ಪಿಎಫ್ ಕಟ್ಟಿದ್ದೂ ಅವನೇ, ಹಂಗಾಗಿ ಯುಎಎನ್ ಹಾಕಿ ನೋಡಿದ್ರೆ ಸರ್ವಿಸ್ ಹಿಸ್ಟರಿಯಲ್ಲಿ ಡೇರಿ ಹೆಸರು ಬರೋದೇ ಇಲ್ಲ, ಮ್ಯಾನ್‌ಪವರ್ ಏಜೆನ್ಸಿ ಹೆಸರು ಬರುತ್ತೆ, ಅದೂ ಮಧ್ಯದಲ್ಲಿ ಟೆಂಡರ್ ಬದಲಾಗಿ ಎರಡು ಏಜೆನ್ಸಿ. ಎಚ್‌ಆರ್ ಮೇಡಂ ಅದನ್ನ ನೋಡಿ "ನೀವು ಡೇರಿ ಲ್ಯಾಬಲ್ಲಿ ಇದ್ರಾ ಇಲ್ಲ ಸಪ್ಲೈ ಕಂಪನಿಯಲ್ಲಿ ಇದ್ರಾ" ಅಂತ ಕೇಳಿದ್ರು. ಎರಡೂ ನಿಜನೇ ಅಲ್ವಾ, ಏನಂತ ಹೇಳ್ಲಿ. ಏಜೆನ್ಸಿಯೋರಿಗೆ ಫೋನ್ ಮಾಡಿದ್ರೆ ಯಾವ ರವಿ ಅಂತಾರೆ, ಅವರು ನನ್ನ ಮುಖನೇ ನೋಡಿಲ್ಲ. ನಾನು ಏನು ಕೆಲಸ ಮಾಡ್ದೆ ಅಂತ ಕಣ್ಣಾರೆ ನೋಡಿರೋದು ನೀವೊಬ್ರೇ.

ನೆನಪು ಮಾಡ್ಕೊಳ್ಳೋಕೆ ಸುಲಭ ಆಗ್ಲಿ ಅಂತ ಡೇಟು ಹಾಕ್ತೀನಿ. ಸೇರಿದ್ದು 2018 ಜೂನ್, ಬಿಟ್ಟಿದ್ದು 2022 ನವೆಂಬರ್. ಮೊದಲ ಎರಡು ವರ್ಷ ಡಾಕಲ್ಲಿ ಸ್ಯಾಂಪಲ್ ತೆಗೆಯೋದು, ಗರ್ಬರ್ ಹಾಕೋದು, ರಿಜಿಸ್ಟರ್ ಬರೆಯೋದು. 2020ರಲ್ಲಿ ಲಾಕ್‌ಡೌನ್ ಟೈಮಲ್ಲಿ ಕೆಮಿಸ್ಟ್ ಬಿಟ್ಟು ಹೋದ್ರಲ್ಲ, ಆವಾಗಿಂದ ಬಿ ಶಿಫ್ಟು ಪೂರ್ತಿ ನನಗೇ ಕೊಟ್ರಿ, ಎಂಬಿಆರ್‌ಟಿ, ಫಾಸ್ಫಟೇಸ್, ಕಲಬೆರಕೆ ಟೆಸ್ಟು, ಪ್ಯಾಕಿಂಗಿಗೆ ಓಕೆ ಕೊಡೋದು ಎಲ್ಲಾ. ಆದ್ರೆ ಡೆಸಿಗ್ನೇಶನ್ ಕೊನೇವರೆಗೂ ಲ್ಯಾಬ್ ಅಸಿಸ್ಟೆಂಟೇ. ಫಾರಮ್ಮಲ್ಲಿ ಡೆಸಿಗ್ನೇಶನ್ ಕೇಳಿದ ಕಡೆ ದಯವಿಟ್ಟು ಲೆಟರಲ್ಲಿ ಇರೋದನ್ನೇ ಹಾಕಿ ಸಾರ್, ಕೆಮಿಸ್ಟ್ ಅಂತ ಹಾಕ್ಬೇಡಿ, ಎರಡೂ ತಾಳೆ ಆಗ್ಲಿಲ್ಲ ಅಂದ್ರೆ ನಾನೇ ಸುಳ್ಳು ಹೇಳಿದೆ ಅಂತ ಆಗುತ್ತೆ. ಏನು ಕೆಲಸ ಮಾಡ್ತಿದ್ದ ಅಂತ ಕೇಳೋ ಕಡೆ, 2020ರಿಂದ ಶಿಫ್ಟ್ ಅವನೇ ನೋಡ್ಕೋತಿದ್ದ ಅಂತ ಬರೆದ್ರೆ ಸಾಕು.

ಇನ್ನು ಅವ್ರಿಗೆ ಮುಖ್ಯವಾಗಿ ಬೇಕಾಗಿರೋದು ಏನು ಅಂತ ಹೇಳ್ತೀನಿ. ಇಲ್ಲಿ ಕೆಲಸ ರಾತ್ರಿ ಶಿಫ್ಟು, ಹಾಲು ಇಳಿಸ್ಕೊಳ್ಳೋದ್ರಿಂದ ಹಿಡಿದು ಮಿಕ್ಸ್ ಏಜಿಂಗ್ ಟ್ಯಾಂಕಿಗೆ ಹೋಗೋವರೆಗೂ ಕ್ವಾಲಿಟಿ ಕಡೆಯಿಂದ ಒಬ್ನೇ ಇರ್ತಾನೆ. ಪ್ಲಾಂಟ್ ಹೆಡ್ ಇಂಟರ್‌ವ್ಯೂನಲ್ಲಿ ಕೇಳಿದ್ದೂ ಅದೇ, ಐಸ್‌ಕ್ರೀಮಿಗೆ ಫ್ಯಾಟ್ ಕನಿಷ್ಠ 10% ಇರ್ಬೇಕು ಅನ್ನೋದೆಲ್ಲ ಯಾರು ಬೇಕಾದ್ರೂ ಓದ್ಕೊಂಡು ಬರ್ತಾರೆ, ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ನೋರು ತಲೆ ಮೇಲೆ ನಿಂತಾಗ ಬ್ಯಾಚ್ ನಿಲ್ಸೋ ಧೈರ್ಯ ಇದೆಯಾ ಅಂತ. ನಾನು ಇದೆ ಅಂದೆ. ನಾನು ಹೇಳಿದ್ರೆ ಏನ್ ಬಂತು, ನೀವು ಹೇಳ್ಬೇಕು.

ಅದಕ್ಕೆ ನಿಮಗೆ ನೆನಪಿದ್ರೆ ಆ ಟ್ಯಾಂಕರ್ ವಿಷ್ಯ ಹೇಳಿ ಸಾರ್. 2022 ಜೂನು, ರಾತ್ರಿ ಕರೆಂಟ್ ಹೋಗಿ ಚಿಲ್ಲಿಂಗ್ ಸೆಂಟರಲ್ಲಿ ಜನರೇಟರ್ ಕೈಕೊಟ್ಟಿತ್ತು, ಟ್ಯಾಂಕರ್ ತಡವಾಗಿ ಬಂತು, ಹಿಂದಿನ ಕಂಪಾರ್ಟ್‌ಮೆಂಟ್ ಹಾಲು ಕಾಯಿಸಿದ ತಕ್ಷಣ ಟ್ಯೂಬಲ್ಲೇ ಒಡೀತು, ಸಿಒಬಿ ಪಾಸಿಟಿವ್. ಮುಂದಿನದ್ದು ಚೆನ್ನಾಗಿತ್ತು. ಡ್ರೈವರ್ ಒಂದು ಕಡೆ, ಶಿಫ್ಟ್ ಇನ್‌ಚಾರ್ಜ್ ಒಂದು ಕಡೆ, ಎರಡೂ ಮಿಕ್ಸ್ ಮಾಡಿ ಇಳಿಸ್ಬಿಡು ಗೊತ್ತಾಗಲ್ಲ ಅಂತ. ನಾನು ವಾಲ್ವ್ ತೆಗೆಯೋಕೆ ಬಿಡ್ಲಿಲ್ಲ, ಮೂರು ಸಲ ಟೆಸ್ಟ್ ಮಾಡಿ ತೋರ್ಸಿ ಆಮೇಲೆ ನಿಮಗೆ ಫೋನ್ ಮಾಡ್ದೆ. ನೀವು ನಿದ್ದೆಗಣ್ಣಲ್ಲೇ "ಮುಂದಿಂದು ಇಳಿಸ್ಕೋ, ಹಿಂದಿಂದು ವಾಪಸ್, ನನ್ನ ಹೆಸರು ಹೇಳು" ಅಂದ್ರಿ. ಮಾರನೇ ದಿನ ಪ್ರೊಡಕ್ಷನ್ನೋರು ನನ್ನ ಮೇಲೆ ಕಂಪ್ಲೇಂಟ್ ಕೊಟ್ಟಾಗ ಮೀಟಿಂಗಲ್ಲಿ ನೀವು ನನ್ನ ಪರ ನಿಂತಿದ್ದೂ ನಂಗೆ ಚೆನ್ನಾಗಿ ನೆನಪಿದೆ. ಈ ಒಂದು ವಿಷ್ಯ ನೀವು ಹೇಳಿದ್ರೆ ಅವರ ಅರ್ಧ ಪ್ರಶ್ನೆ ಮುಗಿಯುತ್ತೆ.

ಎರಡನೇದು ಅನಲೈಸರ್ ಗಲಾಟೆ, 2020 ಫೆಬ್ರವರಿದು. ಸೊಸೈಟಿ ಸೆಕ್ರೆಟರಿಗಳು ಬಂದು ನಮ್ಮ ಹತ್ರ ಎಸ್‌ಎನ್‌ಎಫ್ 8.5 ಬರುತ್ತೆ ನಿಮ್ಮ ಡಾಕಲ್ಲಿ 8.3 ಯಾಕೆ ಅಂತ ಗಲಾಟೆ ಮಾಡ್ತಿದ್ರು, ಎಲ್ರೂ ಅವ್ರೇ ನೀರು ಹಾಕ್ತಾರೆ ಅಂತ ನಕ್ಕು ಕಳಿಸ್ತಿದ್ರು. ನಾನು ನಾಲ್ಕು ದಿನ ಒಟ್ಟು 40 ಸ್ಯಾಂಪಲ್ ಎತ್ತಿಟ್ಕೊಂಡು ಫ್ಯಾಟಿಗೆ ಗರ್ಬರ್ ಹಾಕಿ, ಹಾಲು 27 ಡಿಗ್ರಿಗೆ ತಂದು ಲ್ಯಾಕ್ಟೋಮೀಟರ್ ಇಟ್ಟು, ಲೆಕ್ಕ ಹಾಕಿ ಮಿಷಿನ್ ರೀಡಿಂಗ್ ಪಕ್ಕದಲ್ಲಿ ಬರೆದು ನಿಮ್ಮ ಟೇಬಲ್ ಮೇಲಿಟ್ಟೆ. ಬೆಳಿಗ್ಗೆ ಶಿಫ್ಟಲ್ಲಿ ಮಾತ್ರ 0.2 ಕಮ್ಮಿ. ನೋಡಿದ್ರೆ ಫ್ರಿಜ್ಜಿಂದ ತೆಗೆದ ಸ್ಯಾಂಪಲ್ಲನ್ನ ಬೆಚ್ಚಗೆ ಮಾಡ್ದೆ ಹಂಗೇ ಮಿಷಿನ್ನಿಗೆ ಇಡ್ತಿದ್ರು, ಜೊತೆಗೆ ಭಾನುವಾರ ಕ್ಲೀನಿಂಗ್ ಸೊಲ್ಯೂಷನ್ನೂ ಓಡಿಸ್ತಿರ್ಲಿಲ್ಲ. ನೀವು ಆ ಶೀಟ್ ತಗೊಂಡು ಮೇಲೆ ಮಾತಾಡಿ ಸೊಸೈಟಿಗಳಿಗೆ ವ್ಯತ್ಯಾಸದ ದುಡ್ಡು ಕೊಡಿಸಿದ್ರಿ. ನಮ್ಮಪ್ಪನೂ ಅದೇ ರೂಟಲ್ಲಿ ಹಾಲು ಹಾಕ್ತಿದ್ರು, ಅದಕ್ಕೆ ಇವನಿಗೆ ಇಷ್ಟು ಆಸಕ್ತಿ ಅಂತ ಕೆಲವ್ರು ಆಡ್ಕೊಂಡ್ರು, ಇರ್ಲಿ ಬಿಡಿ. ಆ ಶೀಟಿನ ಜೆರಾಕ್ಸ್ ನನ್ನ ಹತ್ರ ಇನ್ನೂ ಇದೆ, ಫೋಟೋ ಕೆಳಗೆ ಹಾಕಿದೀನಿ, ನಿಮಗೆ ನೆನಪಾಗ್ಲಿ ಅಂತ ಮಾತ್ರ, ಅವರಿಗೆ ಕಳಿಸೋದಲ್ಲ. ಅದು ಡೇರಿ ಕಾಗದ.

ವೀಕ್‌ನೆಸ್ ಏನು ಅಂತಾನೂ ಕೇಳ್ತಾರಂತೆ. ಅಲ್ಲಿ ಎಲ್ಲಾ ಒಳ್ಳೇದೇ ಅಂತ ಹೇಳ್ಬೇಡಿ ಸಾರ್, ಅವರು ನಂಬಲ್ಲ. 2021ರಲ್ಲಿ ನಾನು ಫಾಸ್ಫಟೇಸ್ ರಿಸಲ್ಟ್ ನೋಡದೇ ಒಂದು ಬ್ಯಾಚಿಗೆ ಪ್ಯಾಕಿಂಗ್ ಓಕೆ ಕೊಟ್ಟಿದ್ದೆ, ಆಮೇಲೆ ನಾನೇ ಬಂದು ನಿಮಗೆ ಹೇಳ್ದೆ, ಕೋಲ್ಡ್ ಸ್ಟೋರಲ್ಲಿ ತಡೆದು ರಿಸಲ್ಟ್ ಬಂದ್ಮೇಲೆ ಬಿಟ್ವಿ. ನೀವು ಅವತ್ತು ಸರಿಯಾಗಿ ಉಗಿದಿದ್ರಿ. ಅದನ್ನ ಹೇಳಿ ಪರವಾಗಿಲ್ಲ, ಇಂಟರ್‌ವ್ಯೂನಲ್ಲಿ ನಾನೂ ಅದನ್ನೇ ಹೇಳಿದೀನಿ. ಇಂಗ್ಲಿಷಲ್ಲಿ ರಿಪೋರ್ಟ್ ಬರೆಯೋದು ನಂದು ಆವಾಗ ಚೆನ್ನಾಗಿರ್ಲಿಲ್ಲ, ಅದೂ ನಿಜ, ಈಗ ಸ್ವಲ್ಪ ಸುಧಾರಿಸಿದೆ.

ಬಿಟ್ಟಿದ್ದು ಯಾಕೆ ಅಂದ್ರೆ, ಅಪ್ಪನಿಗೆ ಸ್ಟ್ರೋಕ್ ಆಗಿ ಊರಿಗೆ ಬಂದೆ, ಒಂದು ತಿಂಗಳು ಮುಂಚೆನೇ ಹೇಳಿ ಚಾರ್ಜ್ ಒಪ್ಪಿಸಿ ಬಂದಿದ್ದೆ. ಒಂದು ವರ್ಷದ ಮೇಲೆ ಮನೇಲೇ ಇದ್ದೆ, 2024 ಮಾರ್ಚಿಂದ ಹಾಸನದಲ್ಲಿ ಒಂದು ಸಣ್ಣ ಪನೀರ್ ಯೂನಿಟಲ್ಲಿ ಇದೀನಿ. ಆ ಗ್ಯಾಪ್ ಬಗ್ಗೆ ನಿಮ್ಮನ್ನ ಕೇಳಿದ್ರೆ, ನಿಮ್ಮ ಹತ್ರ ಇರೋವರೆಗಿನದ್ದು ಮಾತ್ರ ಗೊತ್ತು ಅಂದ್ಬಿಡಿ. ಸಂಬಳ ಕೇಳಿದ್ರೂ ಅಷ್ಟೇ, ಸ್ಲಿಪ್ ನಾನೇ ಕೊಟ್ಟಿದೀನಿ. ಒಂದೇ ಒಂದು ರಿಕ್ವೆಸ್ಟು, ಪನೀರ್ ಯೂನಿಟ್ಟಿನ ಓನರ್ರಿಗೆ ಇನ್ನೂ ಗೊತ್ತಿಲ್ಲ, ನಮ್ಮ ಹಳೇ ಲ್ಯಾಬ್ ಗ್ರೂಪಲ್ಲಿ ಅವರ ತಮ್ಮ ಇದಾನೆ, ಅಲ್ಲಿ ಮಾತ್ರ ಈ ವಿಷ್ಯ ಹಾಕ್ಬೇಡಿ ಸಾರ್.

ಫಾರಂ ನೋಡಿದೀನಿ, ಎರಡು ಪೇಜು. ಎಷ್ಟು ದಿನದಿಂದ ಗೊತ್ತು, ಏನು ಕೆಲಸ, ರಜಾ ಜಾಸ್ತಿ ಹಾಕ್ತಿದ್ನಾ, ಒಬ್ನೇ ನಿರ್ಧಾರ ತಗೋತಾನಾ, ಮತ್ತೆ ಅವಕಾಶ ಸಿಕ್ಕರೆ ಇವನನ್ನ ಕೆಲಸಕ್ಕೆ ತಗೋತೀರಾ, ಇಷ್ಟೇ. ಇಂಗ್ಲಿಷಲ್ಲಿದೆ, ಕಣ್ಣಿಗೆ ಕಷ್ಟ ಆದ್ರೆ ಫೋನಲ್ಲೇ ಎಲ್ಲಾ ಹೇಳಿದ್ರೂ ಮೇಡಂ ಬರ್ಕೋತಾರಂತೆ, ಕನ್ನಡ ಬರುತ್ತೆ ಅವರಿಗೆ, ತುಮಕೂರಿನೋರು. ನೀವು ಮಧ್ಯಾಹ್ನ ಊಟ ಆಗಿ ಮಲಗ್ತೀರಲ್ಲ, ಅದಕ್ಕೆ ಬೆಳಿಗ್ಗೆ ಹನ್ನೊಂದರ ಮೇಲೆ ಇಲ್ಲಾ ಸಂಜೆ ಐದರ ಮೇಲೆ ಮಾಡಿ ಅಂತ ಹೇಳ್ಲಾ?

ನಿಮಗೆ ಈಗ ಇದೆಲ್ಲ ಬೇಡ ಅನ್ಸಿದ್ರೆ, ಅಥವಾ ಇವನ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳೋಕಾಗಲ್ಲ ಅನ್ಸಿದ್ರೆ, ಆಗಲ್ಲ ಕಣೋ ಅಂತ ಒಂದು ಮಾತು ಹಾಕಿ ಸಾರ್, ನಾನೇನೂ ಬೇಜಾರ್ ಮಾಡ್ಕೊಳಲ್ಲ, ಸ್ಟೋರ್ಸ್ ಸಾರ್‌ನ ಕೇಳ್ತೀನಿ. ಅವರು ಲ್ಯಾಬ್ ಒಳಗೆ ಬಂದಿದ್ದೇ ಕಮ್ಮಿ, ಆದ್ರೂ ಹಾಜರಾತಿ ವಿಷ್ಯ ಹೇಳ್ತಾರೆ. ಆಗುತ್ತೆ ಅಂದ್ರೆ ನಿಮ್ಮ ಈಮೇಲ್ ಐಡಿ ಒಂದು ಕಳಿಸಿ, ಮಂಗಳವಾರದೊಳಗೆ ಬಂದ್ರೆ ಸಾಕು, ಫಾರಂ ಅವತ್ತೇ ಬರೋ ಹಂಗೆ ಮಾಡ್ತೀನಿ. ಕೆಲಸ ಆದ್ರೂ ಆಗದಿದ್ರೂ ಏನಾಯ್ತು ಅಂತ ನಾನೇ ಫೋನ್ ಮಾಡಿ ಹೇಳ್ತೀನಿ, ಈ ಸಲ ತಪ್ಪಿಸಲ್ಲ.

ರವಿ, ಬಿ ಶಿಫ್ಟು