ರಬ್ಬರ್ ಗಿಡಕ್ಕೆ ನಾಲ್ಕು ಬೊಟ್ಟು

ಮೂಡಿಗೆರೆ
14-7-2024, ಭಾನುವಾರ

ಪ್ರೀತಿಯ ಪುಟ್ಟಿಗೆ,

ನೀನು ಕಳಿಸಿದ ಫೋಟೋ ನೋಡಿದೆ. "ದೊಡ್ಡಮ್ಮ, ಗಿಡ ಸಾಯ್ತಾ ಇದೆಯಾ?" ಅಂತ ಕೇಳಿದ್ದೀಯ. ಇಲ್ಲ ಕಣೇ. ಎಲೆ ಹಸಿರಾಗಿ ಹೊಳೆಯುತ್ತಿದೆ, ತುದಿಯಲ್ಲಿ ಕೆಂಪು ಪೊರೆಯೂ ಬಂದಿದೆ. ಒಳಗೆ ಹೊಸ ಎಲೆ ಸುರುಳಿ ಸುತ್ತಿಕೊಂಡು ಕೂತಿದೆ. ಆ ಪೊರೆಯ ಮೊನೆ ಎತ್ತ ನೋಡುತ್ತಿದೆ ಗಮನಿಸಿದೆಯಾ? ನೇರ ಕಿಟಕಿಗೆ. ನಿನ್ನ ಗಿಡಕ್ಕೆ ಬೆಳಕು ಸಾಲುತ್ತಿಲ್ಲ, ಸಿಗುವ ಅಷ್ಟೂ ಒಂದೇ ಕಡೆಯಿಂದ ಬರುತ್ತಿದೆ. ಅದಕ್ಕೇ ಹೀಗೆ ವಾಲಿದೆ.

ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ. ಅದಕ್ಕೆ ಬರೆಯುತ್ತಿದ್ದೇನೆ. ಫ್ರಿಜ್ ಮೇಲೆ ಅಂಟಿಸಿಕೋ.

ಮೊದಲು ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡು. ಮಣ್ಣಿನ ಹತ್ತಿರವೇ ಲಟಲಟ ಅಂದರೆ ಬೇರು ಸಡಿಲವಾಗಿದೆ ಅಂತ, ಆಗ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಮಣ್ಣು ಒತ್ತಿ ಗಟ್ಟಿ ಮಾಡಬೇಕು, ಇಲ್ಲವೇ ಕುಂಡ ಬದಲಿಸಬೇಕು. ಬುಡ ಗಟ್ಟಿಯಾಗಿದ್ದು ಮೇಲಿನಿಂದ ಮಾತ್ರ ಬಾಗಿದ್ದರೆ ಮುಂದೆ ಓದು.

ಕುಂಡ ಈಗ ಟಿವಿ ಪಕ್ಕದಲ್ಲಿದೆ, ಕಿಟಕಿಯಿಂದ ಏಳೆಂಟು ಅಡಿ ದೂರ. ಅಷ್ಟು ದೂರ ಬೇಡ. ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಹಾಗಾಗಿ ಕೋಣೆ ಎಲ್ಲ ಕಡೆ ಒಂದೇ ಸಮ ಬೆಳಕಾಗಿದೆ ಅನ್ನಿಸುತ್ತದೆ. ನಿಜಕ್ಕೂ ಕಿಟಕಿಯಿಂದ ನಾಲ್ಕು ಹೆಜ್ಜೆ ಹಿಂದೆ ಬಂದರೆ ಬೆಳಕು ತುಂಬಾ ಇಳಿದುಬಿಟ್ಟಿರುತ್ತದೆ. ಮಧ್ಯಾಹ್ನ ಗಿಡದ ಜಾಗದಲ್ಲಿ ಬಿಳಿ ಕಾಗದದ ಮೇಲೆ ಕೈ ಚಾಚಿ ನೋಡು. ಬೆರಳಿನ ನೆರಳು ಕಾಣದಿದ್ದರೆ ಅಲ್ಲಿ ಗಿಡ ಇಡಬಾರದು. ನಿನ್ನದು ಪೂರ್ವದ ಕಿಟಕಿ, ಬೆಳಗಿನ ಎಳೆ ಬಿಸಿಲು ರಬ್ಬರ್ ಗಿಡಕ್ಕೆ ಒಳ್ಳೆಯದೇ. ಎರಡು ಅಡಿ ದೂರಕ್ಕೆ ತಂದಿಡು. ಇದನ್ನು ಮಾಡದೆ ಸುಮ್ನೆ ತಿರುಗಿಸುತ್ತಾ ಕೂತರೆ ಗಿಡ ನೆಟ್ಟಗಾದರೂ ಕಡ್ಡಿಯ ಹಾಗೆ ಸಣಕಲಾಗುತ್ತದೆ.

ಯಾಕೆ ಬಾಗುತ್ತದೆ ಅಂತಲೂ ತಿಳಿದುಕೋ, ಆಗ ತಿರುಗಿಸುವುದು ಬೇಸರವಾಗುವುದಿಲ್ಲ. ಗಿಡದ ಎಳೆ ತುದಿಯಲ್ಲಿ ಆಕ್ಸಿನ್ ಅನ್ನುವ ಬೆಳವಣಿಗೆಯ ರಸ ಹುಟ್ಟುತ್ತದೆ. ಬೆಳಕು ಒಂದೇ ಕಡೆಯಿಂದ ಬಿದ್ದರೆ ಅದು ನೆರಳಿನ ಮಗ್ಗುಲಿಗೆ ಜಾಸ್ತಿ ಸರಿಯುತ್ತದೆ. ನೆರಳಿನ ಕಡೆಯ ಕಾಂಡ ಹೆಚ್ಚು ಉದ್ದವಾಗುತ್ತದೆ, ಬೆಳಕಿನ ಕಡೆಯದು ಕಡಿಮೆ. ಒಂದು ಮಗ್ಗುಲು ಉದ್ದವಾದರೆ ಇನ್ನೊಂದು ಕಡೆಗೆ ಬಾಗಲೇಬೇಕು, ಅಲ್ವಾ? ಡಾರ್ವಿನ್ ತನ್ನ ಮಗನ ಜೊತೆ ಸೇರಿ ಇದನ್ನೇ ಹುಡುಕುತ್ತಿದ್ದ. ಹುಲ್ಲಿನ ಮೊಳಕೆಯ ತುದಿಗೆ ಬೆಳಕು ತಾಗದ ಹಾಗೆ ಟೋಪಿ ಹಾಕಿದರು. ಮೊಳಕೆ ಬಾಗಲೇ ಇಲ್ಲ. ಬೆಳಕು ಕಾಣುವುದು ತುದಿಗೆ, ಬಾಗುವುದು ಅದರ ಕೆಳಗೆ ಅಂತ 1880ರಲ್ಲಿ ಬರೆದರು. ನಾನಿದನ್ನು ಮೊದಲು ಓದಿದಾಗ ತೋಟಕ್ಕೆ ಹೋಗಿ ಒಂದೊಂದು ಚಿಗುರನ್ನೂ ನೋಡಿಕೊಂಡು ಬಂದಿದ್ದೆ. ನಮ್ಮ ಕೆಳಗಿನ ಪಟ್ಟೆಯಲ್ಲಿ ಗಾಳಿಗೆ ಒಂದು ಸಿಲ್ವರ್ ಮರ ಬಿದ್ದಿತ್ತಲ್ಲ, ಆ ಖಾಲಿ ಜಾಗದ ಸುತ್ತ ಇರುವ ಕಾಫಿ ಗಿಡಗಳ ಹೊಸ ರೆಕ್ಕೆಗಳೆಲ್ಲ ಆ ಬೆಳಕಿನ ಕಡೆಗೇ ಚಾಚಿವೆ. ನಿನ್ನ ಹಾಸನದ ಹಾಲ್‌ನಲ್ಲಿ ನಡೆದಿರುವುದೂ ಅದೇ.

ಈಗ ಕೆಲಸ. ನಿನ್ನ ಹತ್ತಿರ ಉಗುರುಬಣ್ಣ ಇದೆಯಲ್ಲ, ಅದನ್ನು ತಗೋ. ಕುಂಡದ ಅಂಚಿನಲ್ಲಿ ಒಂದು ಕಡೆ ಒಂದು ಬೊಟ್ಟು ಇಡು. ಕಾಲು ಸುತ್ತು ಸರಿದು ಎರಡು ಬೊಟ್ಟು, ಅಲ್ಲಿಂದ ಕಾಲು ಸುತ್ತಿಗೆ ಮೂರು, ಆಮೇಲೆ ನಾಲ್ಕು. ಇವತ್ತು ಒಂದು ಬೊಟ್ಟಿನ ಕಡೆ ಕಿಟಕಿಗಿರಲಿ. ಮುಂದಿನ ಭಾನುವಾರ ಎರಡು ಬೊಟ್ಟಿನ ಕಡೆ ತಿರುಗಿಸು. ನಾಲ್ಕು ವಾರಕ್ಕೆ ಒಂದು ಪೂರ್ತಿ ಸುತ್ತು ಆಗುತ್ತದೆ. ಎಡಕ್ಕೋ ಬಲಕ್ಕೋ ಅಂತ ತಲೆ ಕೆಡಿಸಿಕೊಳ್ಳಬೇಡ, ಬೊಟ್ಟಿನ ಲೆಕ್ಕ ತಪ್ಪದಿದ್ದರೆ ಸಾಕು. ತಿರುಗಿಸಿದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕು. "ಈ ವಾರ ತಿರುಗಿಸಿದ್ನಾ ಇಲ್ವಾ" ಅನ್ನುವ ಅನುಮಾನ ಬಂದೇ ಬರುತ್ತದೆ. ಒಂದು ವಾರ ಊರಿಗೆ ಬಂದು ತಪ್ಪಿಹೋದರೆ ಎರಡು ಸಲದ್ದು ಸೇರಿಸಿ ತಿರುಗಿಸಬೇಡ, ಮುಂದಿನ ಬೊಟ್ಟಿಗೆ ಹೋಗು ಅಷ್ಟೆ.

ಕುಂಡ ಭಾರ ಇದೆ. ಕಾಂಡ ಹಿಡಿದು ಎಳೆಯಬೇಡ. ತಟ್ಟೆಯ ಕೆಳಗೆ ಹಳೇ ಗೋಣಿತಾಟು ಮಡಚಿ ಹಾಕು, ಬರೀ ಕಾಲಿನಿಂದ ತಳ್ಳಿದರೂ ತಿರುಗುತ್ತದೆ.

ಕಾಲು ಸುತ್ತೇ ಯಾಕೆ, ಒಂದೇ ಸಲ ಹಿಂದುಮುಂದು ಮಾಡಿಬಿಟ್ಟರೆ ಬೇಗ ಆಗಲ್ವಾ ಅಂತ ಕೇಳುತ್ತೀಯ, ಗೊತ್ತು. ಅಡುಗೆಮನೆ ಕಿಟಕಿಯಲ್ಲಿದ್ದ ಜೆರೇನಿಯಂಗೆ ನಾನು ಹಾಗೇ ಮಾಡಿದ್ದೆ. ಪೂರ್ತಿ ಬೆನ್ನು ತಿರುಗಿಸಿ ಇಟ್ಟೆ, ತಿಂಗಳುಗಟ್ಟಲೆ ಮರೆತೆ. ಕೆಳಗಿನ ಕಾಂಡ ಒಂದು ಕಡೆ ಬಾಗಿ ಗಟ್ಟಿಯಾಗಿತ್ತು, ಮೇಲಿನದು ವಾಪಸ್ ಈ ಕಡೆ ಬಾಗಿತು. ಕೊನೆಗೆ ಹಾವು ಹರಿದ ಹಾಗೆ ಸೊಟ್ಟಗಾಯಿತು. ಕತ್ತರಿಸಿ ಹೊಸದಾಗಿ ಕಡ್ಡಿ ನೆಡಬೇಕಾಯಿತು. ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಯಾವ ಕಡೆಯೂ ಅತಿಯಾಗಿ ಬಾಗಲು ಪುರುಸೊತ್ತು ಸಿಗುವುದಿಲ್ಲ. ಒಂದು ಕಡೆ ಮಾತ್ರ ಎಲೆ ತುಂಬಿ ಇನ್ನೊಂದು ಕಡೆ ಬೋಳಾಗುವುದೂ ತಪ್ಪುತ್ತದೆ.

ಈಗ ಬಾಗಿರುವ ಹಳೇ ಕಾಂಡ ನೆಟ್ಟಗಾಗುತ್ತದೆ ಅಂತ ಕಾಯಬೇಡ. ಅದು ಕಟ್ಟಿಗೆಯಾಗಿಬಿಟ್ಟಿದೆ. ಇನ್ನು ಮುಂದೆ ಬರುವ ಕಾಂಡ ನೆಟ್ಟಗೆ ಬರುತ್ತದೆ. ಭಾರಕ್ಕೆ ಇನ್ನೂ ಬಾಗುತ್ತಿದೆ ಅನ್ನಿಸಿದರೆ ಒಂದು ಬಿದಿರು ಕೋಲು ನೆಟ್ಟು, ಹಳೇ ಕಾಟನ್ ಸೀರೆಯ ಅಂಚಿನಿಂದ ಸಡಿಲವಾಗಿ ಕಟ್ಟು. ದಾರ, ತಂತಿ ಬೇಡ, ಕಾಂಡದೊಳಗೆ ಕೂರುತ್ತದೆ. ತುದಿ ಚಿವುಟಿದರೆ ಪಕ್ಕದಿಂದ ರೆಂಬೆ ಒಡೆಯುತ್ತದೆ, ಆದರೆ ಈ ಮಳೆಗಾಲದಲ್ಲಿ ಬೇಡ. ಯುಗಾದಿ ಹೊತ್ತಿಗೆ ನಾನೇ ಬಂದು ಕತ್ತರಿಸಿಕೊಡುತ್ತೇನೆ. ಕತ್ತರಿಸಿದಾಗ ಬಿಳಿ ಹಾಲು ಸೋರುತ್ತದೆ, ಕೈಗೆ ತಾಗಿದರೆ ಉರಿಯುತ್ತದೆ.

ಇನ್ನೊಂದು ಮುಖ್ಯ ವಿಷಯ. ನಾನು ಕೊಟ್ಟ ಬ್ರಹ್ಮಕಮಲವನ್ನು ಈ ಲೆಕ್ಕಕ್ಕೆ ಸೇರಿಸಬೇಡ. ಮೊಗ್ಗು ಬಿಟ್ಟಿರುವಾಗ ಅದನ್ನು ಅಲ್ಲಾಡಿಸಲೇಬಾರದು. ಹೋದ ವರ್ಷ ನಮ್ಮಲ್ಲಿ ಹೆಬ್ಬೆರಳು ಗಾತ್ರದ ಏಳು ಮೊಗ್ಗು ಬಂದಿತ್ತು. ಚೆನ್ನಾಗಿ ಕಾಣಲಿ ಅಂತ ಹೂವಿನ ಕಡೆಯನ್ನು ಒಳಗೆ ತಿರುಗಿಸಿದೆ. ವಾರದೊಳಗೆ ಐದು ಹಳದಿಯಾಗಿ ಉದುರಿದವು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹೂ ಅರಳಿ ಬಾಡಿದ ಮೇಲೆ ತಿರುಗಿಸು, ಸಾಕು.

ಇಲ್ಲಿ ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ, ಹಗಲಲ್ಲೇ ಲೈಟ್ ಹಾಕಿಕೊಂಡು ಬರೆಯುತ್ತಿದ್ದೇನೆ. ಹಾಸನದಲ್ಲಿ ನಮ್ಮಷ್ಟು ಮಳೆಯಿಲ್ಲದಿದ್ದರೂ ಮೋಡ ಇದ್ದೇ ಇರುತ್ತದೆ. ಬೆಳಕು ಕಡಿಮೆ ಇರುವಾಗ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ಬೆರಳಿನ ಎರಡು ಗೆಣ್ಣು ಇಳಿಸಿ ನೋಡು, ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕು. ತಿರುಗಿಸುವ ದಿನವೇ ಒದ್ದೆ ಬಟ್ಟೆಯಿಂದ ಎಲೆಯ ಧೂಳು ಒರೆಸು. ಒಂದು ಕೈಯನ್ನು ಎಲೆಯ ಅಡಿಗೆ ಕೊಟ್ಟು ಒರೆಸು, ಇಲ್ಲದಿದ್ದರೆ ತೊಟ್ಟು ಮುರಿಯುತ್ತದೆ.

ಇವತ್ತು ಬೊಟ್ಟು ಇಟ್ಟ ಮೇಲೆ ಸೋಫಾದ ಹತ್ತಿರ ನಿಂತು ಒಂದು ಫೋಟೋ ತೆಗೆ. ನಾಲ್ಕು ಬೊಟ್ಟೂ ಮುಗಿದ ಭಾನುವಾರ ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆ. ಎರಡನ್ನೂ ನನಗೆ ಕಳಿಸು. ಆ ಕೆಂಪು ಪೊರೆ ಅಷ್ಟರಲ್ಲಿ ಬಿಚ್ಚಿರುತ್ತದೆ, ಒಳಗಿನ ಎಲೆ ಎತ್ತ ತಿರುಗಿದೆ ಅಂತ ನನಗೂ ನೋಡಬೇಕು.

ಅಮ್ಮನಿಗೆ ಕೇಳಿದೆ ಅಂತ ಹೇಳು.

ನಿನ್ನ,
ದೊಡ್ಡಮ್ಮ