ಉಗುರಲ್ಲಿ ಅಡಗಿದ ಅಂಟಪ್ಪ

ಸೋಪು ಹಚ್ಚಿ ಕೈ ತೊಳೆಯುವುದನ್ನು ಕಲಿಸುವ ಕೈಗೊಂಬೆ ಆಟ. 1ರಿಂದ 4ನೇ ತರಗತಿಯ 60 ಮಕ್ಕಳಿಗೆ, ಬಿಸಿಯೂಟದ ಗಂಟೆಗೆ ಕಾಲು ಗಂಟೆ ಮುಂಚೆ. ಅವಧಿ 12 ನಿಮಿಷ.

ಗೊಂಬೆಗಳು: ಗುಂಡ (2ನೇ ತರಗತಿ), ಅಜ್ಜಿ, ಕೈಗೆ ಅಂಟುವ ರೋಗಾಣು ಅಂಟಪ್ಪ (ಹಸಿರು ಉಣ್ಣೆಯ ಉಂಡೆ, ದೊಡ್ಡ ಬಾಯಿ). ಆಡಿಸುವವರು ಇಬ್ಬರು, ಹೊರಗೆ ನಿಲ್ಲುವ ಆಶಾ ಅಕ್ಕ ಒಬ್ಬರು. ನಾಲ್ಕು ಅಡಿ ಎತ್ತರಕ್ಕೆ ಕಟ್ಟಿದ ಸೀರೆಯೇ ಪರದೆ, ಆಡಿಸುವವರು ಮಂಡಿಯೂರಿ ಕೂರಬೇಕು. ಅಂಟಪ್ಪ ನಗಿಸಬೇಕು, ಹೆದರಿಸಬಾರದು. ಗುಂಡನನ್ನು ಯಾರೂ ‘ಕೊಳಕ’ ಅನ್ನಕೂಡದು. ಮರುದಿನ ಅದೇ ಮಾತು ತರಗತಿಯ ಯಾವುದಾದರೂ ಬಡ ಮಗುವಿಗೆ ಅಂಟಿಕೊಳ್ಳುತ್ತದೆ.

(ಗುಂಡ ಓಡಿ ಬರುತ್ತಾನೆ.)

ಗುಂಡ: ಅಜ್ಜೀ, ಹಸಿವು! ಗೋಲಿಯಾಟದಲ್ಲಿ ಮೂರು ಗೋಲಿ ಗೆದ್ದೆ. ಅನ್ನ ಹಾಕು!

ಅಜ್ಜಿ: ಕೈ ತೊಳ್ಕೊಂಡ್ಯೇನೋ ಮಗ?

ಗುಂಡ: ಓ! (ಕೈ ಅದ್ದಿ ಚಡ್ಡಿಗೆ ಒರೆಸಿಕೊಳ್ಳುತ್ತಾನೆ.) ಆಯ್ತು!

(ಗುಂಡನ ಬೆನ್ನ ಹಿಂದಿನಿಂದ ಅಂಟಪ್ಪ ಮೇಲೇಳುತ್ತಾನೆ. ಮಕ್ಕಳು ಕೂಗುತ್ತಾರೆ, ಕೂಗಲಿ. ಗುಂಡ ತಿರುಗಿದಾಗಲೆಲ್ಲ ಅಂಟಪ್ಪ ಇಳಿಯಬೇಕು. ಮೂರು ಸಲ ಸಾಕು, ನಾಲ್ಕನೆಯದಕ್ಕೆ ಬೇಜಾರು.)

ಅಂಟಪ್ಪ: ನೀರಂತೆ ನೀರು! ನಾನು ಜಿಡ್ಡಲ್ಲಿ ಅಂಟ್ಕೊಂಡು ಕೂತಿದ್ದೀನಿ. ಬರೀ ನೀರು ನನಗೆ ಜಳಕ! ಇನ್ನೊಂದು ತುತ್ತು, ಸೀದಾ ಗುಂಡನ ಹೊಟ್ಟೆಗೆ. ಅಲ್ಲಿ ನೋವು, ಭೇದಿ, ನಾಳೆ ಶಾಲೆಗೆ ರಜ, ಗೋಲಿಗೂ ರಜ!

ಆಶಾ ಅಕ್ಕ: ಮಕ್ಕಳೇ, ಅಂಟಪ್ಪ ಹೇಳೋದು ನಿಜಾನಾ? ಇಬ್ಬರು ಬನ್ನಿ, ನೋಡೇಬಿಡೋಣ.

(ಇಬ್ಬರ ಅಂಗೈಗೂ ನಾಲ್ಕು ಹನಿ ಕೊಬ್ಬರಿ ಎಣ್ಣೆ, ಕಾಲು ಚಮಚ ಚಕ್ಕೆ ಪುಡಿ. ತಿಕ್ಕಿಸಿ ಎಲ್ಲರಿಗೂ ತೋರಿಸಿ. ಒಬ್ಬರಿಗೆ ಬರೀ ನೀರು, ಇನ್ನೊಬ್ಬರಿಗೆ ಸೋಪು. ಅರಿಶಿನ ಬೇಡವೇ ಬೇಡ: ಸೋಪು ತಗುಲಿದರೆ ಕೆಂಪಾಗುತ್ತದೆ, ಚಿಕ್ಕವರು ರಕ್ತವೆಂದು ಅಳುತ್ತಾರೆ. ಚರ್ಮ ಒಡೆದ ಮಗುವನ್ನು ಕರೆಯಬೇಡಿ.)

ಆಶಾ ಅಕ್ಕ: ಯಾರ ಕೈಯಲ್ಲಿ ಉಳೀತು? ಹೂಂ, ಬರೀ ನೀರಿನವರದು. ಸೋಪು ಜಿಡ್ಡನ್ನು ಬಿಡಿಸುತ್ತೆ. ಜಿಡ್ಡು ಹೋದರೆ ಅಂಟಪ್ಪನಿಗೆ ಹಿಡ್ಕೊಳ್ಳೋಕೆ ಏನಿದೆ?

ಅಂಟಪ್ಪ: ಅಯ್ಯಯ್ಯೋ, ಸೋಪಿನ ಮಾತು ಎತ್ತಬೇಡಿ!

ಗುಂಡ: ಅಜ್ಜೀ, ಸೋಪು ಕೊಡು! (ಸ್ಪಂಜಿನ ತುಂಡಿನಿಂದ ಎರಡೇ ಸಲ ತಿಕ್ಕಿ) ಒಂದು, ಎರಡು, ಮುಗೀತು!

ಅಂಟಪ್ಪ: (ಮೆಲ್ಲಗೆ ಮಕ್ಕಳಿಗೆ) ಶ್‌! ನಾನು ಉಗುರಿನ ಸಂದಿಗೆ ಓಡಿದೆ. ಹೇಳ್ಬೇಡಿ!

(ಹೇಳೇ ಹೇಳುತ್ತಾರೆ. ಕೂಗು ತಣ್ಣಗಾಗುವವರೆಗೆ ಮುಂದಿನ ಮಾತು ಬೇಡ.)

ಅಜ್ಜಿ: ಆತುರ ಪಟ್ರೆ ಆಗಲ್ಲ ಕಂದ. ಹಾಡು ಮುಗಿಯೋತನಕ ತಿಕ್ಕು. ಮಕ್ಕಳೇ, ಕೈ ಮೇಲೆತ್ತಿ!

(ಗೊಂಬೆಗೆ ಬೆರಳಿಲ್ಲ. ಆದ್ದರಿಂದ ಅಜ್ಜಿಯನ್ನು ಆಡಿಸುವವರು ಗೊಂಬೆ ಕಳಚಿ, ತಮ್ಮ ಎರಡೂ ಬರಿಗೈ ಪರದೆಯ ಮೇಲೆ ಎತ್ತಿ ತೋರಿಸಬೇಕು. ಹಾಡು 20 ಸೆಕೆಂಡು, ಸಾಲಿಗೆ ಮೂರು ಸೆಕೆಂಡಿಗಿಂತ ತುಸು ಹೆಚ್ಚು. ಓಡಿಸಿ ಹಾಡಿದರೆ 10 ಸೆಕೆಂಡಿಗೇ ಮುಗಿಯುತ್ತದೆ, ಗಡಿಯಾರ ಹಿಡಿದು ಅಭ್ಯಾಸ ಮಾಡಿ.)

ಅಂಗೈ ಅಂಗೈ ತಿಕ್ಕು ತಿಕ್ಕು
ಹಿಂಗೈ ಮೇಲೂ ನೊರೆಯ ಇಕ್ಕು
ಬೆರಳ ಸಂದಿ, ಬೆರಳ ಬೆನ್ನು
ಹೆಬ್ಬೆಟ್ಟನ್ನೂ ತಿರುವು ಇನ್ನು
ಉಗುರ ತುದಿಯ ಅಂಗೈಗೆ ಕೆರೆ
ಮಣಿಕಟ್ಟಿಗೂ ಬರಲಿ ನೊರೆ!

(ಪ್ರತಿ ಸಾಲಿಗೂ ಅಂಟಪ್ಪ ಜಾಗ ಬದಲಿಸಿ ನರಳುತ್ತಾನೆ. ಹೆಬ್ಬೆಟ್ಟಿನಲ್ಲೂ ಉಗುರಲ್ಲೂ ಹೆಚ್ಚು ಹೊತ್ತು ನಿಲ್ಲಿಸಿ, ಮಕ್ಕಳು ಮರೆಯುವ ಜಾಗ ಅವೇ.)

ಅಂಟಪ್ಪ: ಜಾರ್ತಿದ್ದೀನಿ… ಜಾರ್ತಿದ್ದೀನಿ… ನೀರು ಬಂತು… (ಪರದೆಯ ಹಿಂದೆ ದೊಪ್ಪನೆ ಬೀಳುತ್ತಾನೆ.)

ಗುಂಡ: ಹೋದ! (ಚಡ್ಡಿಗೆ ಒರೆಸಲು ಹೊರಡುತ್ತಾನೆ.)

ಅಂಟಪ್ಪ: (ಕೆಳಗಿನಿಂದ) ಬಾ ಬಾ, ಚಡ್ಡಿಯಲ್ಲಿ ನನ್ನ ತಮ್ಮ ಇದ್ದಾನೆ!

ಗುಂಡ: ಅಯ್ಯೋ! (ಕೈ ಕೊಡವಿ ಗಾಳಿಗೆ ಆರಿಸುತ್ತಾನೆ.)

ಅಜ್ಜಿ: ಜಾಣ! ಈಗ ನೀವು ಹೇಳಿ. ಊಟಕ್ಕೆ ಮುಂಚೆ ತೊಳೀಬೇಕಾ? ಕಕ್ಕಸಿಗೆ ಹೋಗಿ ಬಂದ ಮೇಲೆ? ಪುಟ್ಟ ತಮ್ಮನ ಕಕ್ಕ ತೊಳೆದ ಮೇಲೆ? ಹಾಸಿಗೆಯಿಂದ ಎದ್ದು ಕಣ್ಣುಜ್ಜೋಕೆ ಮುಂಚೆ?

(ಕೊನೆಯದಕ್ಕೆ ಮಕ್ಕಳು ತಡವರಿಸುತ್ತಾರೆ. ಉತ್ತರ ಗುಂಡನೇ ಹೇಳಲಿ.)

ಗುಂಡ: ಹೂಂ ಅಜ್ಜಿ, ಕಣ್ಣಿಗೂ ಅಂಟಪ್ಪ ಬರ್ತಾನೆ!

ಆಶಾ ಅಕ್ಕ: ಗಂಟೆ ಆಯ್ತು. ತಟ್ಟೆ ಆಮೇಲೆ, ಮೊದಲು ನಲ್ಲಿ ಹತ್ತಿರ ಸಾಲು! ಗುಂಡನೂ ಬರ್ತಾನೆ.

(ನಾಲ್ಕು ಸೋಪನ್ನು ಎರಡೆರಡು ತುಂಡು ಮಾಡಿ, ಹಳೆಯ ಕಾಲುಚೀಲಗಳಲ್ಲಿ ಹಾಕಿ ನಲ್ಲಿಗಳಿಗೆ ಮೊದಲೇ ಕಟ್ಟಿರಬೇಕು. ನಲ್ಲಿ ಸಾಲದಿದ್ದರೆ ದೊಡ್ಡ ಮಗು ಚೊಂಬಿನಲ್ಲಿ ಸುರಿಯಲಿ, ಬಕೆಟ್ಟಿಗೆ ಯಾರೂ ಕೈ ಅದ್ದಬಾರದು. ಗುಂಡನನ್ನು ಆಡಿಸುವವರು ಗೊಂಬೆ ಕೈಯಲ್ಲಿಟ್ಟುಕೊಂಡೇ ಸಾಲಿನ ಪಕ್ಕ ನಿಂತು, ಕೊನೆಯ ಮಗು ತೊಳೆದು ಮುಗಿಸುವವರೆಗೆ ಹಾಡು ಹೇಳಿಸುತ್ತಿರಬೇಕು.)